ಸತ್ತ ಮಂಗ, ಬೇಸಿಗೆಯ ಜ್ವರ ಮತ್ತು ರಾಗಿ ಕಾಳಿನಷ್ಟು ಉಣುಗು

ಪ್ರಶ್ನೆ: ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಒಂದು ಮುಸಿಯ ಸತ್ತು ಬಿದ್ದಿದೆ. ಯಾರೂ ಅದನ್ನು ಮುಟ್ಟಿಲ್ಲ. ಆದರೂ ಮಂಗನ ಕಾಯಿಲೆ ಬರಬಹುದೇ? ಮಳೆಗಾಲದಲ್ಲಿ ದನಗಳ ಮೈತುಂಬ ಉಣುಗು ಇರುತ್ತದೆ, ಆಗ ಯಾರಿಗೂ ಏನೂ ಆಗುವುದಿಲ್ಲ. ಬೇಸಿಗೆ ಬಂದರೆ ಮಾತ್ರ ಜ್ವರ ಏಕೆ?

ಮುಟ್ಟದಿದ್ದರೂ ಬರಬಹುದು. ಇದು ಹೆಚ್ಚಾಗಿ ಬರುವುದು ಮಂಗನಿಂದ ನೇರವಾಗಿ ಅಲ್ಲ, ಮಂಗ ಸತ್ತ ನೆಲದಿಂದ. ಸಾಗರ, ತೀರ್ಥಹಳ್ಳಿ ಕಡೆಯ ಕಾಡಂಚಿನ ಊರುಗಳಲ್ಲಿ ಆರೋಗ್ಯ ಸಿಬ್ಬಂದಿಯಾಗಿ ಹಲವು ವರ್ಷ ಉಣುಗು ಹಿಡಿಯುವ ಕೆಲಸ ಮಾಡಿದವನು ನಾನು. ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ, ಅದು ಉಣುಗಿನ ವಯಸ್ಸು.

ಈ ಕಾಯಿಲೆ ಹರಡುವ ಮುಖ್ಯ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದು ಬದುಕಿನಲ್ಲಿ ಮೂರೇ ಬಾರಿ ರಕ್ತ ಕುಡಿಯುತ್ತದೆ, ಮೂರು ಬಾರಿಯೂ ಬೇರೆ ಬೇರೆ ಪ್ರಾಣಿಯ ಮೈಮೇಲೆ. ನಡುನಡುವೆ ಕೆಳಗೆ ಬಿದ್ದು, ತರಗೆಲೆಯ ಅಡಿಯಲ್ಲಿ ಪೊರೆ ಕಳಚಿ ಬೆಳೆಯುತ್ತದೆ. ಮಳೆಗಾಲದಲ್ಲಿ ನೀವು ದನದ ಗಂಗೆದೊಗಲಿನಲ್ಲಿ, ಕಿವಿಯಲ್ಲಿ ನೋಡುವುದು ಬೆಳೆದ ಉಣುಗು. ಅದಕ್ಕೆ ದನದಂತಹ ದೊಡ್ಡ ಪ್ರಾಣಿಯೇ ಬೇಕು, ಮನುಷ್ಯರನ್ನು ಹುಡುಕಿಕೊಂಡು ಬರುವುದು ಕಡಿಮೆ. ಹೊಟ್ಟೆ ತುಂಬ ಕುಡಿದ ಹೆಣ್ಣು ಉಣುಗು ಕೆಳಗೆ ಬಿದ್ದು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಮೊಟ್ಟೆ ಒಡೆದು ಮರಿಗಳು ಬರುತ್ತವೆ. ಇವು ಲಾರ್ವಾ. ಆರೇ ಕಾಲು, ಗಾತ್ರ ಧೂಳಿನ ಕಣದಷ್ಟು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಲ್ಲಿನ ತುದಿಯಲ್ಲಿ ಕಂದು ಹುಡಿ ಮೆತ್ತಿದ ಹಾಗೆ ಗುಂಪಾಗಿ ಕುಳಿತಿರುತ್ತವೆ. ಹುಲ್ಲು ಕಾಲಿಗೆ ತಾಗಿದರೆ ನೂರಾರು ಒಮ್ಮೆಲೇ ಹತ್ತುತ್ತವೆ, ವಾರಗಟ್ಟಲೆ ತುರಿಕೆ. ಆದರೆ ಈ ಜಾತಿಯಲ್ಲಿ ತಾಯಿಯಿಂದ ಮೊಟ್ಟೆಗೆ ವೈರಾಣು ದಾಟುವುದು ಲೆಕ್ಕಕ್ಕೆ ಬರುವಷ್ಟಿಲ್ಲ. ಹಾಗಾಗಿ ಮರಿ ಹುಟ್ಟುವಾಗ ಶುದ್ಧವಾಗಿಯೇ ಹುಟ್ಟುತ್ತದೆ. ಅದರ ಮೊದಲ ಊಟ ಯಾವ ಪ್ರಾಣಿಯ ಮೈಮೇಲೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕಾಡಿಲಿ, ಮೂಗಿಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ, ಇಲ್ಲವೇ ಮಂಗ, ಇವುಗಳಲ್ಲಿ ಯಾವುದರ ರಕ್ತದಲ್ಲಿ ವೈರಾಣು ಇದ್ದರೂ ಮರಿ ಅದನ್ನು ಹೀರಿಕೊಳ್ಳುತ್ತದೆ. ಪೊರೆ ಕಳಚಿ ಬೆಳೆದರೂ ವೈರಾಣು ಅದರೊಳಗೆ ಉಳಿಯುತ್ತದೆ.

ಹಾಗೆ ಬೆಳೆದದ್ದು ನಿಂಫ್. ಎಂಟು ಕಾಲು, ಗಾತ್ರ ರಾಗಿ ಕಾಳಿನಷ್ಟು. ಇದಕ್ಕೆ ದನವೇ ಆಗಬೇಕೆಂದಿಲ್ಲ, ಮನುಷ್ಯರಾದರೂ ಸರಿ. ಇದು ಓಡಾಡುವ ಕಾಲ ಡಿಸೆಂಬರ್ ಕೊನೆಯಿಂದ ಮೇವರೆಗೆ. ಮಲೆನಾಡಿನಲ್ಲಿ ಎಲೆ ಉದುರುವುದೂ ಆಗಲೇ, ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದೂ ಆಗಲೇ, ಸೌದೆ ಕೂಡಿಡುವುದೂ ಆಗಲೇ. ಮಳೆಗಾಲದಲ್ಲಿ ಉಣುಗು ಕಣ್ಣಿಗೆ ಕಾಣುತ್ತದೆ, ಜ್ವರ ಇಲ್ಲ. ಬೇಸಿಗೆಯಲ್ಲಿ ಉಣುಗು ಕಾಣುವುದಿಲ್ಲ, ಜ್ವರ ಬರುತ್ತದೆ. ನಮ್ಮ ಜನ ಮೋಸ ಹೋಗುವುದು ಇಲ್ಲಿಯೇ. ಜ್ವರ ಬಂದವರನ್ನು ‘ಉಣುಗು ಕಚ್ಚಿತ್ತೇ?’ ಎಂದು ಕೇಳಿದರೆ ಅನೇಕರು ಇಲ್ಲ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅದು ಕಂಡೇ ಇರುವುದಿಲ್ಲ.

ಇನ್ನು ಮಂಗನ ವಿಷಯ. ಕರಿಮೂತಿಯ ಮುಸಿಯಕ್ಕೂ ಸಾಮಾನ್ಯ ಮಂಗಕ್ಕೂ ಈ ಕಾಯಿಲೆ ನಮ್ಮಂತೆಯೇ ಉಣುಗಿನಿಂದ ಬರುತ್ತದೆ, ನಮಗಿಂತ ಜೋರಾಗಿ ಬರುತ್ತದೆ. ಕೆಲವು ದಿನ ಅದರ ರಕ್ತದಲ್ಲಿ ವೈರಾಣು ತುಂಬಿಕೊಂಡಿರುತ್ತದೆ. ಅಷ್ಟು ದಿನವೂ ಮೈಮೇಲಿನ ಮರಿ ಉಣುಗುಗಳು ರಕ್ತ ಕುಡಿದು ಒಂದೊಂದಾಗಿ ಉದುರುತ್ತಿರುತ್ತವೆ. ಕಾಯಿಲೆಯ ಮಂಗ ದೂರ ಹೋಗಲಾರದು, ಒಂದೇ ಮರದ ಆಸುಪಾಸಿನಲ್ಲಿ ಕೂರುತ್ತದೆ. ಹಾಗಾಗಿ ಉದುರುವುದೆಲ್ಲ ಅಲ್ಲಿಗೇ. ಸತ್ತು ಮೈ ತಣ್ಣಗಾದ ಮೇಲೆ ಉಳಿದವೂ ಇಳಿದು ಹೋಗುತ್ತವೆ. ಕೆಲವು ವಾರಗಳಲ್ಲಿ ಆ ಮರಿಗಳೆಲ್ಲ ನಿಂಫ್ ಆಗಿ ಏಳುತ್ತವೆ. ಮಂಗನ ಹೆಣ ಕೊಳೆತು ಮಾಯವಾದ ಮೇಲೂ ಆ ನೆಲ ತಿಂಗಳುಗಟ್ಟಲೆ ಅಪಾಯಕಾರಿಯಾಗಿ ಉಳಿಯುವುದು ಹೀಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ, ಹಳದಿ ಜ್ವರ ಭಾರತಕ್ಕೆ ಬಂದಿತೇ ಎಂದು ಮೊದಲು ಹೆದರಿದ್ದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಾಣು, ಅದನ್ನು ಹೊತ್ತದ್ದು ಸೊಳ್ಳೆಯಲ್ಲ, ಉಣುಗು.

ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದು ಊರಿನಲ್ಲಿ ಡಿಸೆಂಬರ್ ಮಧ್ಯದಲ್ಲಿ ಸೊಪ್ಪಿನ ಬೆಟ್ಟದ ಅಂಚಿನ ಮರದ ಕೆಳಗೆ ಮುಸಿಯವೊಂದು ಸತ್ತಿತ್ತು. ವಾಸನೆ ಬಂದ ಮೇಲೆ ಗೊತ್ತಾಯಿತು, ಅಷ್ಟರಲ್ಲಿ ಪರೀಕ್ಷೆಗೆ ಮಾದರಿ ತೆಗೆಯುವ ಸ್ಥಿತಿ ದಾಟಿತ್ತು. ಯಾರೂ ಮುಟ್ಟಲಿಲ್ಲ, ನಾಲ್ಕು ದಿನ ಮಾತನಾಡಿ ಮರೆತರು. ಜನವರಿ ಕೊನೆಯಲ್ಲಿ ಆ ಊರಿನ ಹೆಂಗಸೊಬ್ಬರು ಅದೇ ಮರದ ಬುಡದಿಂದ ಎರಡು ಹೆಡಿಗೆ ದರಕು ತಂದು ಕೊಟ್ಟಿಗೆಗೆ ಹಾಕಿದರು. ಆರನೆಯ ದಿನ ಸಂಜೆ ಇದ್ದಕ್ಕಿದ್ದಂತೆ ಚಳಿ, ಜೋರು ಜ್ವರ, ಹಣೆ ಒಡೆಯುವ ತಲೆನೋವು. ನಾವು ಮನೆಗೆ ಹೋದಾಗ ಕಣ್ಣು ಕೆಂಡದಂತಿತ್ತು, ಸೊಂಟ ಮತ್ತು ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದು ಬಂತು.

ಮಾರನೆಯ ದಿನ ನಾವು ಆ ಜಾಗಕ್ಕೆ ಹೋದೆವು. ಉಣುಗು ಹಿಡಿಯುವುದು ಬಹಳ ಸರಳ ಕೆಲಸ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗಬೇಕು, ಕೆಲವು ಹೆಜ್ಜೆಗೊಮ್ಮೆ ಮಗುಚಿ ನೋಡಬೇಕು. ಕಾಲುದಾರಿಯಲ್ಲಿ ಎಳೆದಾಗ ಬಟ್ಟೆಯಲ್ಲಿ ಒಂದೆರಡು ಕಂಡವು. ಆ ಮರದ ಕೆಳಗೆ ಎಳೆದು ಮಗುಚಿದರೆ ರಾಗಿ ಚೆಲ್ಲಿದ ಹಾಗೆ ಇತ್ತು, ಚೆಲ್ಲಿದ ರಾಗಿ ನಡೆಯುತ್ತಿತ್ತು. ಒಂದೊಂದನ್ನೇ ಚಿಮುಟದಿಂದ ಎತ್ತಿ ಸೀಸೆಗೆ ಹಾಕಿಕೊಂಡೆವು. ಎರಡು ಜಾಗಗಳ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ ಅಷ್ಟೇ. ಆ ಹೆಂಗಸು ಎರಡು ಹೆಡಿಗೆ ದರಕಿನ ಜೊತೆಗೆ ಎಷ್ಟನ್ನು ಮನೆಯಂಗಳಕ್ಕೆ ಹೊತ್ತು ತಂದಿದ್ದರೆಂದು ಈಗಲೂ ಯೋಚಿಸುತ್ತೇನೆ. ಅವರು ಗುಣವಾದರು. ಮನೆಯವರಿಗೆ ಅವರಿಂದ ಹರಡುವ ಭಯ ಇರಲಿಲ್ಲ, ಏಕೆಂದರೆ ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಆ ದರಕು ಕೊಟ್ಟಿಗೆಯಲ್ಲೇ ಇತ್ತು.

ಆದ್ದರಿಂದ ನೀವು ಈಗಲೇ ಮಾಡಬೇಕಾದ್ದು, ಸತ್ತ ಮುಸಿಯದ ವಿಷಯವನ್ನು ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮತ್ತು ಪಂಚಾಯಿತಿಗೆ ತಿಳಿಸುವುದು. ಹೆಣ ಹಸಿಯಾಗಿದ್ದರೆ ಪಶುವೈದ್ಯರು ಮಾದರಿ ತೆಗೆಯಬಹುದು, ಕೊಳೆತರೆ ಆಗುವುದಿಲ್ಲ. ಅವರು ಹೆಣ ಸುಡಿಸಿ, ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಹಾಕಿಸುತ್ತಾರೆ. ನೀವೇ ಹೂಳಲು ಹೋಗಬೇಡಿ, ಹೂಳುವಾಗ ನಿಲ್ಲುವುದು ಅದೇ ನೆಲದ ಮೇಲೆ. ಸತ್ತ ಮಂಗವೆಲ್ಲ ಈ ಕಾಯಿಲೆಯದ್ದೇ ಅಲ್ಲ, ಕರೆಂಟ್ ತಗುಲಿ, ನಾಯಿ ಕಚ್ಚಿ ಸಾಯುವುದೂ ಉಂಟು. ಹಾಗೆಯೇ ಮಂಗ ಸಾಯಲಿಲ್ಲ ಎಂದ ಮಾತ್ರಕ್ಕೆ ಕಾಡು ಸುರಕ್ಷಿತವೂ ಅಲ್ಲ. ಇಲಿ, ಮೂಗಿಲಿಗಳ ನಡುವೆ ವೈರಾಣು ಸದ್ದಿಲ್ಲದೆ ಸುತ್ತುತ್ತಿರಬಹುದು. ಮಂಗನ ಸಾವು ಹೇಳುವುದು ಇಷ್ಟು: ಇಲ್ಲಿ, ಈ ಮರದ ಸುತ್ತ, ಈ ವರ್ಷ ಹೆಚ್ಚು ಎಚ್ಚರ ಬೇಕು.

ಆ ಜಾಗದ ದರಕನ್ನು ಈ ವರ್ಷ ಬಿಟ್ಟುಬಿಡಿ. ಅಡಿಕೆ ತೋಟ, ಕೊಟ್ಟಿಗೆ ಇರುವ ಮನೆಗೆ ಇದು ಎಷ್ಟು ಕಷ್ಟದ ಮಾತು ಎಂದು ನನಗೆ ಗೊತ್ತು, ನನ್ನ ಮನೆಯಲ್ಲೂ ಕೊಟ್ಟಿಗೆ ಇದೆ. ಕಾಡಿನಿಂದ ತಂದ ದರಕಿನ ಬದಲು ಒಣಹುಲ್ಲು ಅಥವಾ ತೋಟದೊಳಗಿನ ಸೋಗೆ ಹಾಸಿ. ಬೇರೆ ಕಡೆಯಿಂದ ದರಕು ತಂದರೂ ಅಂಗಳದಲ್ಲಿ, ಮಕ್ಕಳು ಆಡುವಲ್ಲಿ ರಾಶಿ ಹಾಕಬೇಡಿ. ದನಗಳಿಗೆ ಉಣುಗಿನ ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಿಸಿ, ಹಾಲು ಕರೆಯುವ ಹಸುವಿಗೆ ಎಲ್ಲ ಔಷಧಿಯೂ ಸಲ್ಲದು. ದನ ವೈರಾಣುವನ್ನು ಹೆಚ್ಚಿಸುವುದಿಲ್ಲ, ಆದರೆ ಬೆಳೆದ ಉಣುಗಿಗೆ ಊಟ ಹಾಕಿ ಮುಂದಿನ ವರ್ಷದ ಮರಿಗಳನ್ನು ಹೆಚ್ಚಿಸುತ್ತದೆ.

ಕಾಡಿಗೆ ಹೋಗಲೇಬೇಕಾದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹೋಗುವ ಮುಂಚೆ ಹಚ್ಚಿ. ಅದರ ಗುಣ ಕೆಲವು ಗಂಟೆ ಮಾತ್ರ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಿ. ಕಂಕುಳು, ಸೊಂಟದ ಸುತ್ತ, ಮೊಣಕಾಲ ಹಿಂದೆ ಬೆರಳಾಡಿಸಿ ನೋಡಿ, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಕಚ್ಚಿಕೊಂಡಿದ್ದರೆ ಚರ್ಮಕ್ಕೆ ತಾಗಿಸಿ ಚಿಮುಟದಿಂದ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ, ಉಗುರಿನಿಂದ ಅರೆಯುವುದಂತೂ ಬೇಡವೇ ಬೇಡ.

ಲಸಿಕೆ ಹಾಕಿಸಿಕೊಂಡರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಮೊದಲು ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಿದ್ದಾರೆ. ಹಳೆಯ ಡೋಸ್ ಬಿದ್ದಿದೆ ಎಂದು ಧೈರ್ಯ ಮಾಡಬೇಡಿ.

ಕಾಡಿಗೆ ಹೋಗಿ ಬಂದವರಿಗೆ ಮೂರರಿಂದ ಎಂಟು ದಿನಗಳೊಳಗೆ ಜ್ವರ ಬಂದರೆ ಎರಡು ದಿನ ಕಾಯೋಣ ಎನ್ನಬೇಡಿ. ವೈದ್ಯರಿಗೆ ಕಾಡಿನ ವಿಷಯ, ಮಂಗ ಸತ್ತ ವಿಷಯ ಎರಡನ್ನೂ ನೀವೇ ಬಾಯಿಬಿಟ್ಟು ಹೇಳಿ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ತಿಳಿಯುತ್ತದೆ. ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ, ಮೈಯಲ್ಲಿ ನೀರಿನಂಶ ಕಾಯ್ದುಕೊಂಡು ಪ್ಲೇಟ್‌ಲೆಟ್ ನೋಡಿಕೊಳ್ಳುವುದೇ ಚಿಕಿತ್ಸೆ. ಮೈಕೈ ನೋವಿಗೆಂದು ಅಂಗಡಿಯ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವ ಹೆಚ್ಚಬಹುದು. ಪ್ಯಾರಾಸಿಟಮಾಲ್ ಮಾತ್ರ ಸಾಕು. ಕಾಯಿಲೆ ಬಂದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ, ಮೂಗು ಅಥವಾ ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದವರಲ್ಲಿ ಹತ್ತಕ್ಕೆ ಒಬ್ಬಿಬ್ಬರಿಗೆ ಜ್ವರ ಮರಳಿ ಬರುತ್ತದೆ. ಆಗ ಕುತ್ತಿಗೆ ಬಿಗಿಯುವುದು, ಕೈ ನಡುಗುವುದು, ಮಾತು ತಡವರಿಸುವುದು ಕಂಡರೆ ಅದು ಮಿದುಳಿಗೆ ತಾಗಿದ ಲಕ್ಷಣ. ಗುಣವಾದರು ಎಂದು ಗದ್ದೆ, ತೋಟಕ್ಕೆ ಇಳಿದವರನ್ನು ಮನೆಯವರು ಆ ಎರಡು ವಾರ ಕಣ್ಣಿಟ್ಟು ನೋಡುತ್ತಿರಬೇಕು.