ಗೆರೆ ಅಂಟಿದ್ದು ಪೆನ್ಸಿಲ್ಲಿನಿಂದ

"ಸಂಪಾದಕರೇ, ಮಗಳು ಪಿಯುಸಿ ಓದುತ್ತಿದ್ದಾಳೆ. log 0 ಒತ್ತಿದರೆ ಕ್ಯಾಲ್ಕುಲೇಟರ್ Math ERROR ತೋರಿಸುತ್ತದೆ. ಅವಳೇ ಬರೆದ ಗ್ರಾಫಿನಲ್ಲಿ ಮಾತ್ರ ಗೆರೆ y-ಅಕ್ಷಕ್ಕೆ ಅಂಟಿಬಿಟ್ಟಿದೆ! ಉತ್ತರ 'ಮೈನಸ್ ಅನಂತ' ಅಂತ ಬರೆದರೆ ತಪ್ಪೇನು? ಋಣ ಸಂಖ್ಯೆಗಾದರೂ ಲಾಗ್ ಯಾಕಿಲ್ಲ?"
— ಓದುಗರೊಬ್ಬರು, ಮುಧೋಳ

ಮಗಳು ಕೈಯಿಂದ ಗ್ರಾಫ್ ಬರೆದಿದ್ದಾಳಲ್ಲ, ಅದಕ್ಕೇ ನಿಮ್ಮ ಪತ್ರ ಆರಿಸಿಕೊಂಡೆ. "ನಿಯಮ ಬಾಯಿಪಾಠ ಮಾಡು, ಮುಂದೆ ಹೋಗು" ಅನ್ನುವ ಮಾಸ್ತರರನ್ನು ದೂರಲಾರೆ, ಪರೀಕ್ಷೆಯಲ್ಲಿ ಟೈಮ್ ಉಳಿಯುತ್ತದೆ. ಆದರೆ ಗ್ರಾಫ್ ಬರೆಯದಿದ್ದರೆ ನಿಮ್ಮ ಮನೆಯಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಹತ್ತರ ಎಷ್ಟನೇ ಘಾತ ಈ ಸಂಖ್ಯೆ? ಲಾಗ್ ಕೇಳುವುದು ಇಷ್ಟೇ. 0.1ಕ್ಕೆ −1, 0.01ಕ್ಕೆ −2, 0.001ಕ್ಕೆ −3. x ಹತ್ತು ಪಟ್ಟು ಚಿಕ್ಕದಾದರೆ ಗೆರೆ ಒಂದೇ ಮನೆ ಕೆಳಗಿಳಿಯುತ್ತದೆ. ಹೀಗೆ ಎಷ್ಟು ಸಲ ಹತ್ತರಿಂದ ಭಾಗಿಸಿದರೂ ಸೊನ್ನೆ ಬರುವುದಿಲ್ಲ, ಅಲ್ವಾ?

ಹಾಗಾದರೆ ಅಂಟಿದ್ದು ಹೇಗೆ? ಒಂದು ಮನೆಗೆ 1 ಸೆಂ.ಮೀ. ಅಂತ ಹಿಡಿದಿರುತ್ತಾಳೆ. ಪೆನ್ಸಿಲ್ ಗೆರೆಯ ದಪ್ಪ ಅರ್ಧ ಮಿಲಿಮೀಟರ್, ಅಂದರೆ 0.05 ಸೆಂ.ಮೀ. ಅನ್ನೋಣ. log 0.05 ಸುಮಾರು −1.3. ಹಾಗಾಗಿ 1.3 ಸೆಂ.ಮೀ. ಇಳಿಯುವಷ್ಟರಲ್ಲೇ ಎರಡೂ ಗೆರೆ ಒಂದಕ್ಕೊಂದು ತಾಗುತ್ತವೆ. ಈಗ ಅಡ್ಡ ಅಳತೆಯನ್ನು ಮಾತ್ರ ನೂರು ಪಟ್ಟು ಹಿಗ್ಗಿಸಿ, 0.1ಕ್ಕೆ 10 ಸೆಂ.ಮೀ. ಕೊಡಲಿ. ತಾಗುವ ಜಾಗ 3.3 ಸೆಂ.ಮೀ. ಆಳಕ್ಕೆ ಜಾರುತ್ತದೆ. ಇನ್ನೂ ಹಿಗ್ಗಿಸಿದರೆ ಇನ್ನೂ ಕೆಳಗೆ. ಅಕ್ಷವನ್ನು ನಿಜವಾಗಿ ಮುಟ್ಟಿದ್ದರೆ ಆ ಜಾಗ ಕದಲಬಾರದಿತ್ತು.

"ಮೈನಸ್ ಅನಂತ" ತಪ್ಪಲ್ಲ, ಆದರೆ ಅದು ಲಿಮಿಟ್ಟಿನ ಮಾತು. ನೀವು −50 ಅನ್ನಿ, x ಅನ್ನು 10⁻⁵⁰ಕ್ಕಿಂತ ಚಿಕ್ಕದು ಮಾಡಿದರೆ ಗೆರೆ ಅದಕ್ಕೂ ಕೆಳಗೆ ಹೋಗುತ್ತದೆ. ಯಾವ ಆಳ ಹೇಳಿದರೂ ದಾಟುತ್ತದೆ, ಅಷ್ಟೇ ಅದರ ಅರ್ಥ. ಸೊನ್ನೆಯಲ್ಲಿ ಇಂತಿಷ್ಟು ಬೆಲೆ ಇದೆ ಅಂತಲ್ಲ. ಅದೂ ಬಲಗಡೆಯಿಂದ ಬಂದರೆ ಮಾತ್ರ, ಎಡಗಡೆ ಗೆರೆಯೇ ಇಲ್ಲ.

ಯಾಕಿಲ್ಲ? 10ˣ ಗ್ರಾಫ್ ಬರೆಸಿ. ಅದು ಪೂರ್ತಿ x-ಅಕ್ಷಕ್ಕಿಂತ ಮೇಲೇ ಇರುತ್ತದೆ, ಹತ್ತರ ಯಾವ ಘಾತವೂ ಋಣವಾಗುವುದಿಲ್ಲ. y = x ಗೆರೆಯ ಮೇಲೆ ಹಾಳೆ ಮಡಚಿದರೆ ಅದೇ ಲಾಗ್ ಗ್ರಾಫ್. ಮೇಲಿದ್ದದ್ದು ಬಲಕ್ಕೆ ಬಂತು. ಕೆಳಗೆ ಏನೂ ಇರಲಿಲ್ಲ, ಎಡಕ್ಕೆ ಏನು ಬರಬೇಕು?

ದೊಡ್ಡ ಗಣಿತಜ್ಞರೂ ಇಲ್ಲಿ ಎಡವಿದ್ದಾರೆ. 1712ರ ಹೊತ್ತಿಗೆ ಯೋಹಾನ್ ಬರ್ನೂಲಿ ಮತ್ತು ಲೈಬ್ನಿಟ್ಸ್ ಇದಕ್ಕಾಗಿ ಪತ್ರದಲ್ಲೇ ಜಗ್ಗಾಡಿದರು. ಬರ್ನೂಲಿಯ ವಾದ: (−2)² ಮತ್ತು 2² ಒಂದೇ, ಹಾಗಾಗಿ log(−2) ಮತ್ತು log 2 ಒಂದೇ. ತಾಳೆ ನೋಡಿ. log 2 ಸುಮಾರು 0.301. ಹತ್ತನ್ನು ಅಷ್ಟಕ್ಕೇರಿಸಿದರೆ 2 ಬರುತ್ತದೆ, −2 ಅಲ್ಲ. ಮುಂದೆ ಆಯ್ಲರ್ ಬಂದು ಸಂಮಿಶ್ರ ಸಂಖ್ಯೆಗಳಲ್ಲಿ ಋಣಕ್ಕೂ ಲಾಗ್ ಕೊಟ್ಟ. ಅಲ್ಲೂ ಸೊನ್ನೆಗೆ ಸಿಗಲಿಲ್ಲ.

ನಿಮ್ಮ ಮಗಳ ಗ್ರಾಫ್ ಬಗ್ಗೆ ನನಗೇನೂ ಚಿಂತೆಯಿಲ್ಲ. ಮೊನ್ನೆ ವಿಜಯಪುರದ ಒಂದು ಟ್ಯೂಷನ್ ಕ್ಲಾಸಿನ ನೋಟ್ಸ್ ಕೈಗೆ ಬಂತು. ಗ್ರಾಫ್ ಅಚ್ಚು ಹಾಕಿಯೇ ಕೊಟ್ಟಿದ್ದಾರೆ, ಹುಡುಗರು ಪೆನ್ಸಿಲ್ ಮುಟ್ಟುವ ಹಾಗೇ ಇಲ್ಲ. log x ಗೆರೆಯನ್ನು −2ರ ಹತ್ತಿರ ಅಕ್ಷಕ್ಕೆ ಸೇರಿಸಿ ಮುಗಿಸಿದ್ದಾರೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ವೆರಿ ಇಂಪಾರ್ಟೆಂಟ್" ಬೇರೆ.