ಚಕ್ಕುಲಿ ತಟ್ಟೆಯಲ್ಲೇ ಉಳಿಯಿತು

“ನಮಸ್ಕಾರ ಸರ್. ನಾನು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಏಳೆಂಟು ವರ್ಷದ ಮಕ್ಕಳಿಗಾಗಿ ‘ಸುಳಿಯಲ್ಲಿ ಸಿಕ್ಕಿದ ಚುಕ್ಕಿ’ ಅಂತ ಒಂದು ಕಥೆ ಬರೆದಿದ್ದೇನೆ. ಅಜ್ಜಿಯ ತಟ್ಟೆಯಲ್ಲಿರುವ ಹತ್ತು ಚಕ್ಕುಲಿ ಎಣಿಸಲು ಹೋದ ಪುಟ್ಟ ಪ್ರೋಗ್ರಾಂ ಚುಕ್ಕಿ ಲೂಪ್‌ನಲ್ಲಿ ಸಿಕ್ಕಿಕೊಳ್ಳುತ್ತಾಳೆ. ಮಿಂಚುರಾಣಿ ಬಂದು ಬಿಡಿಸುತ್ತಾಳೆ. ಲೂಪ್ ಅಂದರೇನು ಅಂತ ಮಕ್ಕಳಿಗೆ ಗೊತ್ತಾಗಬೇಕು ಅನ್ನೋದೇ ನನ್ನ ಆಸೆ. ಎಲ್ಲಿ ಸರಿಯಿಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳಿ.”

ನಮಸ್ಕಾರ ಮೇಡಂ,

ಕಥೆ ಈಗಿರುವ ಹಾಗೆ ನಮಗೆ ಬೇಡ. ಆದರೆ ಅಜ್ಜಿ, ತಟ್ಟೆ, ಚಕ್ಕುಲಿ, ಚುಕ್ಕಿ, ಇಷ್ಟನ್ನು ಬಿಡಬೇಡಿ. ಎರಡನೇ ಪುಟದಲ್ಲಿ ಒಂದು ಚಕ್ಕುಲಿ ಮುರಿದುಹೋಗುತ್ತದೆ, “ಇದನ್ನೂ ಎಣಿಸಬೇಕಾ ಅಜ್ಜಿ?” ಅಂತ ಚುಕ್ಕಿ ಕೇಳುತ್ತಾಳೆ. ಆ ಜಾಗ ಓದಿ ತುಂಬಾ ಖುಷಿಯಾಯಿತು. ಹೇಳದೇ ಇರುವುದನ್ನು ಪ್ರೋಗ್ರಾಂ ತಾನಾಗಿ ಊಹಿಸಿಕೊಳ್ಳುವುದಿಲ್ಲ ಅನ್ನೋದು ಅಲ್ಲಿ ಪಾಠದ ವಾಸನೆ ಇಲ್ಲದೆ ಬಂದಿದೆ.

ತೊಂದರೆ ಶುರುವಾಗುವುದು ಮೂರನೇ ಪುಟದಲ್ಲಿ. ಅಲ್ಲಿ ಲೂಪ್ ಅನ್ನೋದು ಬಾಗಿಲೇ ಇಲ್ಲದ ದುಂಡನೆಯ ಕೋಟೆ. ಚುಕ್ಕಿ ಅದರೊಳಗೆ ಬೀಳುತ್ತಾಳೆ. ಪುಸ್ತಕ ಮುಚ್ಚುವಾಗ ಮಗುವಿನ ತಲೆಯಲ್ಲಿ ಉಳಿಯುವುದು “ಲೂಪ್ ಅಂದ್ರೆ ಜೈಲು” ಅನ್ನೋದು. ಆದರೆ ಲೂಪ್ ಇಲ್ಲದಿದ್ದರೆ ಚುಕ್ಕಿ ಎಣಿಸುವುದು ಹೇಗೆ? “ಒಂದು ಚಕ್ಕುಲಿ ತೆಗೆ, ಎಣಿಸು” ಅಂತ ಅವಳಿಗೆ ಹತ್ತು ಸಲ ಬೇರೆ ಬೇರೆಯಾಗಿ ಹೇಳಬೇಕಾಗುತ್ತದೆ. ಅಜ್ಜಿ ನೂರು ಚಕ್ಕುಲಿ ಮಾಡಿದರೆ ನೂರು ಸಲ. ಒಂದೇ ಸಲ ಹೇಳಿ, “ತಟ್ಟೆ ಖಾಲಿಯಾಗುವ ತನಕ ಹೀಗೇ ಮಾಡು” ಅನ್ನುವುದೇ ಲೂಪ್. ಅದು ಚುಕ್ಕಿಯ ಕೆಲಸದ ರೀತಿ. ಅವಳು ಸಿಕ್ಕಿಕೊಂಡಿದ್ದು ಆ ರೀತಿಯಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದ್ದರಿಂದ. ಆ ಹೆಜ್ಜೆ ಯಾವುದು ಅಂತ ನಿಮ್ಮ ಕಥೆ ಎಲ್ಲೂ ಹೇಳುವುದಿಲ್ಲ.

ನನ್ನ ತಂಗಿಯ ಮಗಳಿಗೆ ಏಳು ವರ್ಷ. ಅವಳಿಗೆ ನಿಮ್ಮ ಕಥೆ ಓದಿ ಹೇಳಿದೆ. ಕೋಟೆ ಬಂದಾಗ ಸುಮ್ಮನೆ ಕೇಳುತ್ತಿದ್ದಳು. ಐದನೇ ಪುಟದಲ್ಲಿ ಚುಕ್ಕಿ “ಹನ್ನೊಂದು, ಹನ್ನೆರಡು, ಹದಿಮೂರು” ಅಂದಾಗ ತಡೆದಳು. “ಇರೋದೇ ಹತ್ತು ಅಲ್ವಾ ಮಾಮ? ಎಣಿಸಿದ್ದನ್ನ ಅವಳು ಪಕ್ಕಕ್ಕೆ ಇಡ್ಲಿಲ್ವಾ?” ಅಂದಳು. ಮೇಡಂ, ನಿಮ್ಮ ಕಥೆ ಅದೇ. ಮಗು ಕಂಡುಹಿಡಿಯಿತು, ನೀವು ಅಲ್ಲಿ ನಿಲ್ಲದೆ ಮುಂದೆ ಹೋಗಿಬಿಟ್ಟಿರಿ.

ಆ ದೃಶ್ಯವನ್ನು ನಿಧಾನವಾಗಿ ಬರೆಯಿರಿ. ಚುಕ್ಕಿ ಪ್ರತಿ ಸಲವೂ ಮೊದಲು ಕೇಳಿಕೊಳ್ಳಬೇಕು: “ತಟ್ಟೆಯಲ್ಲಿ ಚಕ್ಕುಲಿ ಇದೆಯಾ?” ಇದೆ ಅಂದರೆ ಒಂದು ಚಕ್ಕುಲಿ ಮುಟ್ಟಿ ಎಣಿಕೆಗೆ ಒಂದು ಸೇರಿಸಬೇಕು, ಆ ಸಂಖ್ಯೆಯನ್ನು ಕೂಗಬೇಕು, ಚಕ್ಕುಲಿಯನ್ನು ಡಬ್ಬಕ್ಕೆ ಹಾಕಬೇಕು. ಆಮೇಲೆ ಮತ್ತೆ ಅದೇ ಪ್ರಶ್ನೆ. ಈಗ ಡಬ್ಬಕ್ಕೆ ಹಾಕುವ ಹೆಜ್ಜೆಯೊಂದನ್ನು ತೆಗೆದುಬಿಡಿ. ಅವಳು ಮುಟ್ಟುತ್ತಾಳೆ, ಕೂಗುತ್ತಾಳೆ, ಚಕ್ಕುಲಿ ತಟ್ಟೆಯಲ್ಲೇ ಉಳಿಯುತ್ತದೆ. ಹತ್ತು ಆದಮೇಲೂ ಪ್ರಶ್ನೆಗೆ ಉತ್ತರ “ಇದೆ”. ಹನ್ನೊಂದು ಆದಮೇಲೂ “ಇದೆ”. ಮುಗಿಯದ ಎಣಿಕೆ ಅಂದರೆ ಇಷ್ಟೇ. ಗೋಡೆಯೂ ಬೇಡ, ಕೋಟೆಯೂ ಬೇಡ.

ಹೆಜ್ಜೆ ಸರಿಯಾಗಿದ್ದಾಗ ಇನ್ನೊಂದು ಚಂದದ ವಿಷಯ ಇದೆ, ಅದನ್ನು ಚಿತ್ರದಲ್ಲಿ ತನ್ನಿ. ಚಕ್ಕುಲಿ ಹತ್ತೇ, ಆದರೆ ಚುಕ್ಕಿ ಪ್ರಶ್ನೆ ಕೇಳುವುದು ಹನ್ನೊಂದು ಸಲ. ಹತ್ತು ಸಲ “ಇದೆ”, ಕೊನೆಯ ಸಲ “ಇಲ್ಲ”. ಆ ಕೊನೆಯ “ಇಲ್ಲ” ಬರದಿದ್ದರೆ ಮುಗಿಯಿತು ಅಂತ ಅವಳಿಗೆ ಗೊತ್ತಾಗುವುದೇ ಇಲ್ಲ. ಖಾಲಿ ತಟ್ಟೆಯನ್ನು ಚುಕ್ಕಿ ಬಗ್ಗಿ ನೋಡುವ ಚಿತ್ರಕ್ಕೆ ಒಂದಿಡೀ ಪುಟ ಕೊಡಿ.

ಚುಕ್ಕಿ ಸುಸ್ತಾಗಿ ಅಳುವುದನ್ನು ತೆಗೆಯಿರಿ. ಸಿಕ್ಕಿಕೊಂಡ ಪ್ರೋಗ್ರಾಂಗೆ ತಾನು ಸಿಕ್ಕಿಕೊಂಡಿದ್ದೇನೆ ಅಂತ ಗೊತ್ತಿರುವುದಿಲ್ಲ. ನೂರನೇ ಸಲವೂ ಮೊದಲನೇ ಸಲದಷ್ಟೇ ಉತ್ಸಾಹದಿಂದ “ತಟ್ಟೆಯಲ್ಲಿ ಚಕ್ಕುಲಿ ಇದೆಯಾ?” ಅಂತ ಕೇಳುತ್ತದೆ. ಚುಕ್ಕಿ ನಗುನಗುತ್ತಾ “ಇನ್ನೂರ ನಾಲ್ಕು!” ಅನ್ನಲಿ. ಎಡವಟ್ಟಾಗಿದೆ ಅಂತ ಗೊತ್ತಾಗಬೇಕಾದವರು ಹೊರಗೆ ನಿಂತು ನೋಡುವ ಅಜ್ಜಿ ಮತ್ತು ಓದುವ ಮಗು. ಆಗ ಮಗು ಚುಕ್ಕಿಗಿಂತ ಒಂದು ಹೆಜ್ಜೆ ಮುಂದಿರುತ್ತದೆ, ಪುಟಕ್ಕೆ ಬೆರಳಿಟ್ಟು ತೋರಿಸುತ್ತದೆ.

ಇನ್ನು ಮಿಂಚುರಾಣಿ. ಅವಳು ಮಾಡುವುದು, ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಲು ನಾವು ಕೀಬೋರ್ಡಿನಲ್ಲಿ `Ctrl+C` ಒತ್ತಿದಾಗ ಆಗುವ ಕೆಲಸ. ಎಣಿಕೆ ನಿಲ್ಲುತ್ತದೆ, ನಿಜ. ತಪ್ಪು ಹಾಗೇ ಉಳಿಯುತ್ತದೆ. ಮರುದಿನ ಅಜ್ಜಿ ಇನ್ನೊಂದು ತಟ್ಟೆ ತಂದಿಟ್ಟರೆ ಚುಕ್ಕಿ ಮತ್ತೆ ಹನ್ನೊಂದು, ಹನ್ನೆರಡು ಅನ್ನುತ್ತಾಳೆ. ರಾಣಿಯನ್ನು ಇಟ್ಟುಕೊಳ್ಳಿ, ಆದರೆ ಅವಳು ಕಥೆಯ ನಡುವೆ ಬಂದು ಹೋಗಲಿ. ಎರಡನೇ ತಟ್ಟೆಯೂ ಕೆಟ್ಟಮೇಲೆ ಅಜ್ಜಿ ಒಂದು ಖಾಲಿ ಡಬ್ಬ ತಂದು ಚುಕ್ಕಿಯ ಪಕ್ಕ ಇಡಲಿ. ಮೂರನೇ ತಟ್ಟೆ ಸರಿಹೋಗಲಿ.

ಕೊನೆಯ ಪುಟದಲ್ಲಿ ನೀವು ಕೊಟ್ಟ ಪೈಥಾನ್ ಪ್ರೋಗ್ರಾಂ ಓಡಿಸಿ ನೋಡಿದೆ.

```python
n = 1
while n <= 10:
    print(n)
```

ಇದು ಹನ್ನೊಂದು, ಹನ್ನೆರಡು ಅನ್ನುವುದಿಲ್ಲ. ಪರದೆ ತುಂಬಾ 1, 1, 1 ಅಂತ ಸುರಿಯುತ್ತದೆ. ಇಲ್ಲಿ ಬಿಟ್ಟುಹೋಗಿರುವುದು `n` ಅನ್ನು ಒಂದು ಹೆಚ್ಚಿಸುವ ಸಾಲು. ಅಂದರೆ ಕಥೆಯ ಚುಕ್ಕಿಗೆ ಒಂದು ಕಾಯಿಲೆ, ಪ್ರೋಗ್ರಾಂಗೆ ಇನ್ನೊಂದು. ಕಥೆ ಕೇಳಿ ಓಡಿಬಂದು ಕಂಪ್ಯೂಟರ್ ಮುಂದೆ ಕೂತ ಮಗುವಿಗೆ ಬೇರೇನೋ ಕಂಡರೆ ಗೊಂದಲವಾಗುತ್ತದೆ. ನಿಮ್ಮ ಕಥೆಗೆ ಹೊಂದುವುದು ಇದು:

```python
thatte = 10
enike = 0
while thatte > 0:
    enike = enike + 1
    print(enike)
```

ಇದನ್ನು ಓಡಿಸಿದರೆ ಹತ್ತು ದಾಟಿ ಹೋಗುತ್ತಲೇ ಇರುತ್ತದೆ, ಥೇಟ್ ಚುಕ್ಕಿಯ ಹಾಗೆ. ಕೊನೆಗೆ ಸೇರಿಸಬೇಕಾದ ಸಾಲು ಒಂದೇ, ಚಕ್ಕುಲಿಯನ್ನು ಡಬ್ಬಕ್ಕೆ ಹಾಕುವ ಸಾಲು:

```python
    thatte = thatte - 1
```

ಈ ಸಾಲಿನ ಹಿಂದೆ ನಾಲ್ಕು ಖಾಲಿ ಜಾಗ ಇದೆ ನೋಡಿ. ಆ ಜಾಗ ಬಿಟ್ಟಿದ್ದರಿಂದಲೇ ಅದು ಲೂಪ್‌ನ ಒಳಗಿನ ಸಾಲು. ಅಂಚಿಗೆ ಸರಿಸಿ ಬರೆದರೆ ಲೂಪ್ ಮುಗಿದಮೇಲೆ ಮಾಡುವ ಕೆಲಸ ಅಂತ ಪೈಥಾನ್ ತಿಳಿದುಕೊಳ್ಳುತ್ತದೆ. ಲೂಪ್ ಮುಗಿಯುವುದೇ ಇಲ್ಲ, ಹಾಗಾಗಿ ಆ ಸಾಲಿನ ಸರದಿಯೂ ಬರುವುದಿಲ್ಲ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಪುಟ ವಿನ್ಯಾಸ ಮಾಡುವಾಗ ಸಾಲಿನ ಮೊದಲ ಖಾಲಿ ಜಾಗ ಬೇಡದ್ದು ಅಂತ ಅಳಿಸಿಹೋಗುವುದುಂಟು. ನೀವು ತಿದ್ದಿ ಕಳಿಸುವ ಪ್ರತಿಯಲ್ಲಿ ಆ ನಾಲ್ಕು ಜಾಗಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಪ್ರೂಫ್ ಬಂದಾಗ ಅದನ್ನೇ ಇಟ್ಟುಕೊಂಡು ನಾನು ಮತ್ತೊಮ್ಮೆ ಟೈಪ್ ಮಾಡಿ ಓಡಿಸಿ ನೋಡುತ್ತೇನೆ.