ನಿಧಾನ ಓಡಿದರೂ ಕ್ಯಾಲೊರಿ ಅಷ್ಟೇ ಕರಗುತ್ತದೆಯೇ?

ಪ್ರಶ್ನೆ: ನನ್ನ ತೂಕ 72 ಕೆ.ಜಿ. ದಿನಾ ಬೆಳಿಗ್ಗೆ 6 ಕಿ.ಮೀ. ಓಡಲು 45 ನಿಮಿಷ ಬೇಕು. ಜೊತೆಗೆ ಬರುವ ಗೆಳೆಯನ ತೂಕ 60 ಕೆ.ಜಿ., ಅವನು 30 ನಿಮಿಷಕ್ಕೇ ಮುಗಿಸುತ್ತಾನೆ. 'ನಿಂದು ಆಮೆ ಓಟ, ಏನೂ ಕರಗಲ್ಲ' ಅಂತಾನೆ. ನನ್ನ ವಾಚು ಮಾತ್ರ 610 ಕ್ಯಾಲೊರಿ ತೋರಿಸುತ್ತದೆ. ಯಾವುದನ್ನು ನಂಬಲಿ? — ಓದುಗರೊಬ್ಬರು, ಬಳ್ಳಾರಿ

ಉತ್ತರ: ಎರಡನ್ನೂ ಬೇಡ. ಸಮತಟ್ಟು ನೆಲದ ಓಟಕ್ಕೆ ಒಂದು ಸುಲಭ ಲೆಕ್ಕವಿದೆ: ಒಂದು ಕೆ.ಜಿ. ತೂಕವನ್ನು ಒಂದು ಕಿ.ಮೀ. ಓಡಿಸಲು ಸುಮಾರು ಒಂದು ಕ್ಯಾಲೊರಿ. ನಿಮ್ಮ 72ನ್ನು 6ರಿಂದ ಗುಣಿಸಿದರೆ 432. ಗೆಳೆಯನದು 60 ಗುಣಿಸು 6, ಅಂದರೆ 360. ಮುಂದೆ ಓಡುವವನು ಅವನು, ಹೆಚ್ಚು ಕರಗಿಸುವವರು ನೀವು. ನಿಮ್ಮ ಮೈಯ 12 ಕೆ.ಜಿ. ಹೆಚ್ಚಿನ ಭಾರವನ್ನೂ ಆರು ಕಿ.ಮೀ. ಹೊತ್ತೊಯ್ಯುತ್ತೀರಲ್ಲ!

ಈ ಲೆಕ್ಕದಲ್ಲಿ ವೇಗಕ್ಕೆ ಜಾಗವೇ ಇಲ್ಲ ಎನ್ನುವುದು ಹಲವರಿಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ವೇಗವಾಗಿ ಓಡಿದಾಗ ಏದುಸಿರು ಬರುವುದು ನಿಜ. ಆದರೆ ಆ ಏದುಸಿರು ತೋರಿಸುವುದು ನಿಮಿಷದ ಖರ್ಚನ್ನು, ಇಡೀ ಓಟದ ಖರ್ಚನ್ನಲ್ಲ. ಗಂಟೆಗೆ 8 ಕಿ.ಮೀ. ವೇಗದಲ್ಲಿ ನಿಮ್ಮ ಓಟದ ಖರ್ಚು ನಿಮಿಷಕ್ಕೆ 9.6 ಕ್ಯಾಲೊರಿ, 12 ಕಿ.ಮೀ. ವೇಗದಲ್ಲಿ 14.4. ಮೊದಲನೆಯದನ್ನು 45 ನಿಮಿಷಕ್ಕೂ ಎರಡನೆಯದನ್ನು 30 ನಿಮಿಷಕ್ಕೂ ಗುಣಿಸಿ ನೋಡಿ, ಎರಡೂ 432ಕ್ಕೇ ಬಂದು ನಿಲ್ಲುತ್ತವೆ. ವೇಗ ಏರಿದಷ್ಟೂ ನಿಮಿಷದ ಖರ್ಚು ಏರುತ್ತದೆ, ಅದೇ ಪ್ರಮಾಣದಲ್ಲಿ ನಿಮಿಷಗಳು ಇಳಿಯುತ್ತವೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಹೆಚ್ಚುವುದುಂಟು, ಆದರೆ ನಮ್ಮ ನಿಮ್ಮಂಥವರ ವೇಗಕ್ಕೆ ಅದು ಗಣನೆಗೆ ಬರುವಷ್ಟಿಲ್ಲ. ಓಟದ ಶೈಲಿಯಿಂದ ಒಬ್ಬರಿಂದೊಬ್ಬರಿಗೆ ಶೇ 10ರಷ್ಟು ಆಚೀಚೆ ಆಗಬಹುದು.

ವೇಗದಿಂದ ಲಾಭ ಇರುವುದು ಸಮಯ ಕಡಿಮೆ ಇದ್ದಾಗ. ಅರ್ಧ ಗಂಟೆ ಮಾತ್ರ ಬಿಡುವಿದ್ದರೆ ನಿಮ್ಮ ಈಗಿನ ವೇಗಕ್ಕೆ 4 ಕಿ.ಮೀ. ಆಗುತ್ತದೆ, 288 ಕ್ಯಾಲೊರಿ. ಗೆಳೆಯನ ವೇಗದಲ್ಲಿ ನೀವು ಓಡಬಲ್ಲಿರಾದರೆ ಅಷ್ಟೇ ಹೊತ್ತಿನಲ್ಲಿ 6 ಕಿ.ಮೀ., 432.

ಇನ್ನು ವಾಚಿನ 610. ಅದರಲ್ಲಿ ಸ್ವಲ್ಪ ಭಾಗ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದದ್ದು. ಉಸಿರಾಟ, ಎದೆಬಡಿತ, ಮೈಯ ಬಿಸಿ ಇವಕ್ಕೇ ನಿಮ್ಮ ತೂಕದವರಿಗೆ 45 ನಿಮಿಷಕ್ಕೆ ಸುಮಾರು 57 ಕ್ಯಾಲೊರಿ ಬೇಕು. ಅನೇಕ ವಾಚುಗಳು ಅದನ್ನೂ ಓಟದ ಖಾತೆಗೇ ಸೇರಿಸುತ್ತವೆ. ಸೇರಿಸಿದರೂ 489 ಆಯಿತು, ಉಳಿದ 120 ಎಲ್ಲಿಂದ?

ಮೊದಲು ವಾಚಿನಲ್ಲಿ ನಿಮ್ಮ ತೂಕ, ವಯಸ್ಸು ಸರಿಯಾಗಿ ನಮೂದಾಗಿವೆಯೇ ನೋಡಿ. ಅವು ಸರಿ ಇದ್ದರೆ ಅನುಮಾನ ಪಡಬೇಕಾದದ್ದು ನಮ್ಮ ಊರಿನ ಸೆಕೆಯ ಮೇಲೆ. ಎದೆಬಡಿತ ನೋಡಿ ಕ್ಯಾಲೊರಿ ಅಂದಾಜು ಮಾಡುವ ವಾಚಿಗೆ ಬಳ್ಳಾರಿ ಬಿಸಿಲು ಗೊತ್ತಾಗುವುದಿಲ್ಲ. ಮೈ ತಣಿಸಲು ಹೃದಯ ಚರ್ಮದ ಕಡೆಗೂ ರಕ್ತ ಕಳಿಸಬೇಕು. ಬೆವರಿ ನೀರು ಹೋದಂತೆ ರಕ್ತದ ಪ್ರಮಾಣವೂ ತಗ್ಗುತ್ತದೆ, ಹಾಗಾಗಿ ಬಡಿತ ಏರುತ್ತದೆ. ಕಾಲಿನ ಸ್ನಾಯುಗಳ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವಾಚು ಮಾತ್ರ ಹೆಚ್ಚು ದುಡಿದಿರಿ ಎಂದು ಬರೆದುಕೊಳ್ಳುತ್ತದೆ. ಪರೀಕ್ಷಿಸುವುದು ಸುಲಭ: ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ಐದೂವರೆಗೆ, ಇನ್ನೊಂದು ದಿನ ಎಂಟಕ್ಕೆ, ಅದೇ ಮೈದಾನದಲ್ಲಿ ಅದೇ ದೂರವನ್ನು ಅದೇ ವೇಗದಲ್ಲಿ ಓಡಿ. ಎಂಟರ ಓಟದಲ್ಲಿ ಬಡಿತ, ಕ್ಯಾಲೊರಿ ಎರಡೂ ಏರಿದ್ದರೆ ಆ ಹೆಚ್ಚಳ ಸೆಕೆಯದು. ನೀರು ಕುಡಿದೇ ಹೋಗಿ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ.

ತೂಕ ಇಳಿಸಲು ಊಟದ ಲೆಕ್ಕ ಇಡುವವರು 432ನ್ನೇ ಹಿಡಿಯಬೇಕು. 610 ಕರಗಿತೆಂದು ನಂಬಿ ಅಷ್ಟನ್ನೂ ತಿಂದರೆ ದಿನಕ್ಕೆ 178 ಹೆಚ್ಚುವರಿ ಹೊಟ್ಟೆಗೆ ಹೋಗುತ್ತದೆ. ಓಟ ಮುಗಿಸಿ ಒಗ್ಗರಣೆ ಮಿರ್ಚಿ ಅಂಗಡಿ ಮುಂದೆ ನಿಲ್ಲುವವರಿಗೆ ಇದು ಇನ್ನೂ ಮುಖ್ಯ: 15 ಮಿ.ಲೀ. ಎಣ್ಣೆಯೊಂದರಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ, ಅದು ನಿಮ್ಮ ಒಂದೂಮುಕ್ಕಾಲು ಕಿ.ಮೀ. ಓಟಕ್ಕೆ ಸಮ.

ಎರಡು ಕಡೆ ಈ ಸೂತ್ರವನ್ನು ತಿದ್ದಿಕೊಳ್ಳಬೇಕು. ನಡುನಡುವೆ ನಡೆದರೆ ಆ ದೂರಕ್ಕೆ ಅರ್ಧವೇ ಹಿಡಿಯಿರಿ, ಸಾಧಾರಣ ನಡಿಗೆಗೆ ಕೆ.ಜಿ.ಗೆ ಕಿ.ಮೀ.ಗೆ ಸುಮಾರು ಅರ್ಧ ಕ್ಯಾಲೊರಿ ಸಾಕು. 6 ಕಿ.ಮೀ.ಯಲ್ಲಿ 2 ಕಿ.ಮೀ. ನಡೆದಿದ್ದರೆ ನಿಮ್ಮದು 432 ಅಲ್ಲ, 360. ಕೋಟೆ ಗುಡ್ಡದ ಕಡೆ ಏರು ಓಡಿದರೆ ಪ್ರತಿ 50 ಮೀಟರ್ ಎತ್ತರಕ್ಕೆ ನಿಮ್ಮ ತೂಕಕ್ಕೆ ಸುಮಾರು 16 ಕ್ಯಾಲೊರಿ ಕೂಡಿಸಿ; ಅದೇ ದಾರಿಯಲ್ಲಿ ಓಡುತ್ತ ಇಳಿದರೆ ಅದರಲ್ಲಿ ಒಂದಷ್ಟು ವಾಪಸ್ ಹೋಗುತ್ತದೆ.